ಮೂರು ಕೂಗಿನ ಲೆಕ್ಕ

ನನಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಬೇಳೆಯ ಸಾಕ್ಷಿಯ ಮೇಲೆ. ಯಾವ ಡಾಕ್ಟರೂ ಬಾಯಿ ಬಿಡುವ ಮೊದಲೇ ಬೇಳೆ ಹೇಳಿಕೆ ಕೊಟ್ಟಾಗಿತ್ತು.

ಸೋಮವಾರ ಎಂದಿನಂತೆ ಕುಕ್ಕರ್ ಇಟ್ಟೆ, ಮೂರು ಕೂಗು ಎಣಿಸಿದೆ, ಒಲೆ ಆರಿಸಿದೆ. ಬಡಿಸಿದರೆ ಬೇಳೆ ತಟ್ಟೆಗೆ ಬಿದ್ದು ಟಣ್ ಎಂದಿತು. ಮಗ ಒಂದು ತುತ್ತು ಬಾಯಿಗಿಟ್ಟವನು ಹಲ್ಲುಗಳೆಲ್ಲ ಸ್ವಸ್ಥಾನದಲ್ಲಿವೆಯೇ ಎಂದು ನಾಲಿಗೆಯಿಂದ ತಡವಿ ನೋಡಿಕೊಂಡ.

"ಅಮ್ಮಾ, ಎಷ್ಟು ಕೂಗಿಸ್ದೆ?"

"ಮೂರು."

"ಮೂರು ಕೂಗಿದ್ರೆ ಬೇಳೆ ಹೀಗಿರತ್ತಾ?"

"ಅದನ್ನ ಬೇಳೇನೇ ಕೇಳು" ಎಂದೆ. ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿ ಊರವರ ನಾಡಿ ಎಣಿಸಿದವಳು ನಾನು. ಮೂರರವರೆಗೆ ಎಣಿಸಲು ಬರುತ್ತದೆಯೇ ಎಂದು ನನ್ನನ್ನು ಕೇಳಿದರೆ ಮೈ ಉರಿಯದೆ ಇನ್ನೇನಾಗುತ್ತದೆ? ಅದೂ ಕೇಳಿದವನು ಎರಡನೇ ತರಗತಿಯಲ್ಲಿ ಮಗ್ಗಿಗೆ ಹೆದರಿ ಮಂಚದಡಿ ಅಡಗಿ ಕೂತ ಮಹಾನುಭಾವ.

ಆದರೂ ಒಳಗೊಳಗೇ ಮುಳ್ಳು ಚುಚ್ಚಿತು. ಕೂಗುಗಳು ಬೇಗಬೇಗ ಬಂದಂತೆ ಅನ್ನಿಸಿದ್ದು ನಿಜ. ಅಥವಾ ಒಂದನ್ನೇ ಮೂರು ಎಂದುಕೊಂಡೆನೋ? ಗುರುವಾರ ಯಾರಿಗೂ ಹೇಳದೆ ಪೆನ್ನು ಹಿಡಿದು ಕುಕ್ಕರಿನ ಮುಂದೆ ಕೂತೆ. ಒಂದೊಂದು ಕೂಗಿಗೂ ಅಂಗೈ ಮೇಲೆ ಒಂದೊಂದು ಗೆರೆ ಹಾಕುವುದೆಂದು ಲೆಕ್ಕ. ಬೇಳೆ ಮತ್ತೆ ಕಲ್ಲಾಗಬಾರದೆಂದು ನೀರನ್ನು ಕುಕ್ಕರಿನ ಕುತ್ತಿಗೆಯವರೆಗೂ ಸುರಿದಿದ್ದೆ. ಮೊದಮೊದಲು ವಿಷಲ್ಲು ಬುಸುಗುಟ್ಟಿ, ಹಳದಿ ನೊರೆ ಕಕ್ಕಿ, ಆಮೇಲೆ ತೆಪ್ಪಗಾಯಿತು. ಹಿಡಿಯ ಪಕ್ಕದಿಂದ ಸುಯ್ ಎಂದು ಹಬೆ ಸೋರುತ್ತಿತ್ತು. ನಾನು ಪೇಪರ್ ಓದಿದೆ, ಮಡಚಿದೆ, ಮತ್ತೆ ಓದಿದೆ. ಮೈಯೆಲ್ಲ ಕಿವಿಯಾಗಿ ಕೂತವಳಿಗೆ ಮೂಗಿನ ಕಡೆ ಗಮನವಿರಲಿಲ್ಲ. ಕೆಲಸ ಮುಗಿಸಿ ಬಂದ ಸೊಸೆ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಓಡಿ ಬಂದು ಒಲೆ ಆರಿಸಿದಳು.

"ಅತ್ತೆ, ತಳ ಹತ್ತಿದ ವಾಸನೆ ಬಾಗಿಲಿಗೇ ಬರ್ತಿದೆ! ಎಷ್ಟು ಕೂಗ್ತು?"

"ಕೂಗಲೇ ಇಲ್ಲ ಕಣಮ್ಮ."

ಅವಳು ಒಳ್ಳೆಯವಳು, ಜಗಳ ಆಡಲಿಲ್ಲ. ಪಾಪ ಎನ್ನುವಂತೆ ನೋಡಿದಳು. ಅದಕ್ಕಿಂತ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ನಾನು ಮುಷ್ಟಿ ಬಿಡಿಸಿ ಅಂಗೈ ನೋಡಿಕೊಂಡೆ. ಒಂದು ಗೆರೆಯೂ ಇರಲಿಲ್ಲ. ಕುಕ್ಕರ್ ಕೂಗಲಿಲ್ಲವೋ, ಕೂಗಿದ್ದಕ್ಕೆ ಗೆರೆ ಹಾಕಲು ನಾನು ಮರೆತೆನೋ ಎಂದು ಹೇಳುವವರು ಯಾರು? ಮರೆವಿನ ರೋಗಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಒಬ್ಬರಾದರೂ "ನಾನು ಮರೆತೆ" ಎಂದು ಒಪ್ಪಿಕೊಂಡದ್ದಿಲ್ಲ.

ಶುಕ್ರವಾರ ಊಟ ಹೋಟೆಲಿನಿಂದ ಬಂತು. ಮಗ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತ. ಬರುವ ಸೋಮವಾರಕ್ಕೆ ಮರೆವಿನ ಡಾಕ್ಟರ ಬಳಿ ಸಮಯ ತೆಗೆದುಕೊಂಡಿದ್ದನಂತೆ. ಅಲ್ಲಿಯವರೆಗೆ ನಾನು ಒಲೆ ಹಚ್ಚಕೂಡದು. ಅದನ್ನು ನುಂಗಿಕೊಳ್ಳುತ್ತಿದ್ದೆ. ಆದರೆ ಅವನು ಇನ್ನೊಂದು ಮಾತು ಸೇರಿಸಿದ: "ಮತ್ತೆ ಪಾಪೂನ ಸ್ಕೂಲ್ ಮುಗಿದ್ಮೇಲೆ ಡೇ ಕೇರಿಗೆ ಬಿಡೋಣ ಅಂತಿದೀವಿ. ಮನೇಲಿ ನೀನೊಬ್ಬಳೇ ಇರ್ತೀಯ, ಗ್ಯಾಸು ಗೀಸು..."

ಪಾಪು ಎಂದರೆ ಮೊಮ್ಮಗಳು, ಆರು ವರ್ಷ, ಬಾಯಿ ಅರವತ್ತರದು. ಮಧ್ಯಾಹ್ನ ಎರಡರಿಂದ ಆರರವರೆಗೆ ಅವಳು ನನ್ನವಳು. ನನ್ನ ದಿನದಲ್ಲಿ ರುಚಿಯಿರುವುದು ಆ ನಾಲ್ಕು ಗಂಟೆಯಲ್ಲಿ ಮಾತ್ರ. ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಶನಿವಾರ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೋದ ಮೇಲೆ ಮಗ ಸ್ವತಃ ಅಡುಗೆಗೆ ನಿಂತ. ರಾತ್ರಿಯೆಲ್ಲ ಮೊಬೈಲಿನಲ್ಲಿ ಅದೇನೋ ನೋಡಿ ಕುಕ್ಕರ್ ಪಂಡಿತನಾಗಿದ್ದ. ಹಬೆ ಸೋರುವುದು ಗ್ಯಾಸ್ಕೆಟ್ಟಿನಿಂದ ಎಂದು ಹೊಸ ರಬ್ಬರ್ ತಂದು ಮುಚ್ಚಳಕ್ಕೆ ಸಿಕ್ಕಿಸಿದ. ಬೇಳೆ ಹಾಕಿದ. ತಳ ಹತ್ತಬಾರದೆಂದು ಅವನೂ ಕುತ್ತಿಗೆಯವರೆಗೆ ನೀರು ಹುಯ್ದ. ನನ್ನ ಮಗನೇ ಅಲ್ಲವೇ! ವಿಷಲ್ ಹಾಕಿ, ಒಲೆ ಜೋರು ಮಾಡಿ, ಕೈಕಟ್ಟಿ ನಿಂತ.

ಅರ್ಧ ಗಂಟೆ ಕಳೆಯಿತು. ಕುಕ್ಕರ್ ಉಸಿರೆತ್ತಲಿಲ್ಲ. ಹೊಸ ರಬ್ಬರಿನ ಪುಣ್ಯದಿಂದ ಪಕ್ಕದಲ್ಲೂ ಸೋರಲಿಲ್ಲ.

"ಕೂಗ್ತಾ ಇಲ್ಲ" ಎಂದ.

"ಎಣಿಸೋದು ನೀನು ಮರೆತಿರ್ಬೇಕು" ಎಂದೆ. ಅಷ್ಟು ಖುಷಿ ನನಗೂ ಬೇಡವೇ?

ಅವನು ಇಕ್ಕಳದಿಂದ ವಿಷಲ್ ಎತ್ತಿದ. ಸದ್ದಿಲ್ಲ, ಹಬೆಯಿಲ್ಲ. "ನೋಡು, ಒಳಗೆ ಪ್ರೆಷರ್ರೇ ಇಲ್ಲ. ಸುಮ್ನೆ ಹೆದರ್ತಿದ್ವಿ" ಎಂದು ಬಟ್ಟೆ ಹಿಡಿದು ಮುಚ್ಚಳದ ಹಿಡಿ ಜಗ್ಗತೊಡಗಿದ. ಅದು ಜಪ್ಪಯ್ಯ ಎಂದರೂ ಬರಲಿಲ್ಲ. "ಹೊಸ ರಬ್ಬರಲ್ವಾ, ಕಚ್ಕೊಂಡಿದೆ. ಪಾಪು, ಸುತ್ತಿಗೆ ತಗೊಂಬಾ" ಎಂದ.

ಒಲೆಯಿನ್ನೂ ಉರಿಯುತ್ತಿತ್ತು. ನನ್ನ ಕಣ್ಣು ವಿಷಲ್ ತೆಗೆದ ಆ ಪುಟ್ಟ ಕೊಳವೆಯ ಮೇಲೇ ಇತ್ತು. ಅರ್ಧ ಗಂಟೆ ಕಾದ ನೀರು, ಮೇಲೆ ತೆರೆದ ಬಾಯಿ, ಆದರೂ ಒಂದೆಳೆ ಹಬೆಯಿಲ್ಲ. ಮೂತ್ರದ ನಳಿಕೆ ಹಾಕಿದ ರೋಗಿಯ ಚೀಲ ಖಾಲಿಯಿದ್ದರೆ ಒಳಗೂ ಖಾಲಿಯಿದೆ ಎಂದು ನಂಬುವ ನರ್ಸನ್ನು ನಾನು ವಾರ್ಡಿನಿಂದ ಆಚೆ ಅಟ್ಟುತ್ತಿದ್ದೆ. ಒಳಗೆ ತುಂಬಿ ಬಿರಿಯುತ್ತಿರಬಹುದು, ನಳಿಕೆ ಕಟ್ಟಿರಬಹುದು. ಮೊದಲು ನೋಡಬೇಕಾದದ್ದು ನಳಿಕೆ.

"ಮುಟ್ಟಬೇಡ!"

ಆ ದನಿ ಮೂವತ್ತೆರಡು ವರ್ಷ ವಾರ್ಡಿನಲ್ಲಿ ದುಡಿದ ದನಿ. ಮಗ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ನಾನು ಒಲೆ ಆರಿಸಿ, ಮಗುವಿನ ರಟ್ಟೆ ಹಿಡಿದು ಹೊರಗೆ ದೂಡಿದೆ, ಅವನನ್ನೂ ದೂಡಿದೆ.

"ನಲ್ಲಿ ಕೆಳಗೆ ಇಟ್ಟು ತಣ್ಣೀರು ಬಿಡ್ಲಾ?" ಎಂದ, ಪಂಡಿತ.

"ಅದನ್ನ ಎತ್ತೋದೂ ಬೇಡ, ಅಲ್ಲಾಡಿಸೋದೂ ಬೇಡ. ಕೊಳವೆ ಕಟ್ಟಿದೆ ಕಣೋ. ಒಳಗಿರೋದಕ್ಕೆ ಹೊರಗೆ ಬರೋಕೆ ದಾರಿಯಿಲ್ಲ. ನೀನು ಮುಚ್ಚಳ ತೆಗೆದ್ರೆ ಅದೇ ದಾರಿ, ನಡುವೆ ನಿನ್ನ ಮುಖ."

ಅಡುಗೆಮನೆಯ ಬಾಗಿಲು ಮುಚ್ಚಿ ಎರಡು ಗಂಟೆ ಹೊರಗೆ ಕೂತೆವು. ಮೂವರೂ ಹಸಿದಿದ್ದೆವು, ಒಬ್ಬಳು ಮಾತ್ರ ಅದನ್ನು ಹತ್ತು ನಿಮಿಷಕ್ಕೊಮ್ಮೆ ಹೇಳಿದಳು. ಕುಕ್ಕರ್ ಪೂರಾ ತಣ್ಣಗಾದ ಮೇಲೆ ಒಳಗೆ ಹೋಗಿ ಹಿಡಿಗೆ ಕೈ ಹಚ್ಚಿದೆ. ಮುಚ್ಚಳ ಬೆಣ್ಣೆಯಂತೆ ಜಾರಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕೊಳವೆಯೊಳಗೆ ಕಣ್ಣಿಟ್ಟೆ. ಕಗ್ಗತ್ತಲೆ. ಮಗನಿಗೂ ತೋರಿಸಿದೆ.

ಬೀದಿಯ ಕೊನೆಯಲ್ಲಿ ಒಲೆ, ಕುಕ್ಕರ್, ಮಿಕ್ಸಿ ರಿಪೇರಿಯ ಅಂಗಡಿಯಿದೆ. ಮಗುವನ್ನು ಕೆಲಸದಿಂದ ಬಂದ ಸೊಸೆಗೆ ಒಪ್ಪಿಸಿ, ಕುಕ್ಕರ್ ಎತ್ತಿಕೊಂಡು ಮಗನೊಂದಿಗೆ ಅಲ್ಲಿಗೆ ಹೋದೆ. ಗೂಡಿನಷ್ಟು ಜಾಗದಲ್ಲಿ ಒಬ್ಬ ದಪ್ಪ ಹೆಂಗಸು, ಅವಳ ಸುತ್ತ ಹಿಡಿ ಮುರಿದ ಪಾತ್ರೆಗಳ ದರ್ಬಾರು. ಬೆಳಗಿನ ಕಥೆ ಕೇಳಿಕೊಂಡು ಅವಳು ಮುಚ್ಚಳ ತಿರುವಿ, ಕೊಳವೆಗೆ ದಬ್ಬಳ ತೂರಿಸಿ ತಿರುಗಿಸಿದಳು. ಗಟ್ಟಿಯಾಗಿ ಒಣಗಿದ ಬೇಳೆಯ ಬಿರಡೆಯೊಂದು ಈಚೆ ಬಂತು. ಅದನ್ನು ಮಗನ ಅಂಗೈಯಲ್ಲಿಟ್ಟಳು.

"ಇನ್ನೊಂದು ಮಜಾ ನೋಡಿ" ಎಂದು ಸೇಫ್ಟಿ ವಾಲ್ವ್ ಬಿಚ್ಚಿ ತೋರಿಸಿದಳು. ಅದರ ಅಡಿಗೂ ಬೇಳೆ ಗಾರೆಯಂತೆ ಮೆತ್ತಿಕೊಂಡಿತ್ತು. "ಇದು ಕಾಪಾಡತ್ತೆ ಅಂತ ನಂಬ್ಕೊಂಡು ಯಾರು ಸ್ವಾಮಿ ಹಿಡಿ ಜಗ್ಗಿದ್ದು?"

ಸ್ವಾಮಿ ಬಿರಡೆಯನ್ನೇ ನೋಡುತ್ತಿದ್ದರು.

"ಬೇಳೆ ಅಂದ್ರೆ ಅರ್ಧಕ್ಕಿಂತ ಮೇಲೆ ತುಂಬಬಾರ್ದು, ನೀರೂ ಸೇರಿ. ನೊರೆ ಮೇಲಕ್ಕೆದ್ದು ಕೊಳವೆಗೆ ಹೋಗಿ ಕೂತ್ಕೊಳತ್ತೆ. ಕುತ್ತಿಗೆವರೆಗೆ ತುಂಬಿದ್ದು ಯಾರು?"

"ಇಬ್ರೂ" ಎಂದೆ.

ಸುಳ್ಳು ಹೇಳಬಹುದಿತ್ತು, ಯಾಕೋ ಆಗಲಿಲ್ಲ. ಗುರುವಾರ ಒಂದೂ ಕೂಗಲಿಲ್ಲ ಸರಿ, ಹಾಗಾದರೆ ಸೋಮವಾರ ಯಾಕೆ ಬೇಗಬೇಗ ಮೂರು ಕೂಗಿತು ಎಂದು ಕೇಳಿದೆ. ಬೇಳೆ ಎಷ್ಟು, ನೀರು ಎಷ್ಟು ಎಂದಳು. ಬೇಳೆ ಡಬ್ಬಿಯ ಮುಚ್ಚಳದಲ್ಲಿ ಒಂದು, ನೀರು ಲೋಟದಲ್ಲಿ ಮೂರು. ಯಾವಾಗಲೂ ಅದೇ ಲೋಟವೇ? ಹೌದು ಎನ್ನಲು ಬಾಯಿ ತೆರೆದೆ. ನನ್ನ ದೊಡ್ಡ ಲೋಟವನ್ನು ಮೊಮ್ಮಗಳು ಬಣ್ಣದ ಕುಂಚ ಅದ್ದಲು ಒಯ್ದಿದ್ದಳು. ಸೋಮವಾರ ಕೈಗೆ ಸಿಕ್ಕಿದ್ದು ಅದರ ಅರ್ಧದಷ್ಟಿರುವ ಲೋಟ.

"ಆಯ್ತಲ್ಲ! ನೀರು ಕಡಿಮೆ ಆದ್ರೆ ಬೇಗ ಕಾಯತ್ತೆ, ಬೇಗ ಕೂಗತ್ತೆ. ಅಷ್ಟು ಹೊತ್ತಿಗೆ ಬೇಳೆಗೆ ಬೇಯೋಕೆ ಟೈಮೂ ಸಿಗಲ್ಲ, ಕುಡಿಯೋಕೆ ನೀರೂ ಇರಲ್ಲ." ಅವಳು ಹೊಸ ವಾಲ್ವ್ ಹಾಕಿ, ಒಂದಿಷ್ಟು ನೀರು ತುಂಬಿ, ಮುಚ್ಚಳ ಬಿಗಿದು, ವಿಷಲ್ ಇಡದೆ ಒಲೆ ಹಚ್ಚಿದಳು. ಕೊಳವೆಯಿಂದ ಹಬೆ ನೆಟ್ಟಗೆ ಮೇಲೇಳಲು ಶುರುವಾದ ಮೇಲೆ ವಿಷಲ್ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಕುಕ್ಕರ್ ಬೀದಿಗೆಲ್ಲ ಕೇಳುವಂತೆ ಕೂಗಿತು. "ಮುಚ್ಚೋ ಮೊದ್ಲು ದಿನಾ ಬೆಳಕಿಗೆ ಹಿಡಿದು ನೋಡಿ. ಹಬೆ ಬಂದ್ಮೇಲೇನೇ ವಿಷಲ್ ಹಾಕಿ."

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಅವಳು ಮಗನ ಕಡೆ ತಿರುಗಿ, ನಮ್ಮ ಮನೆಯ ಮರೆವಿನ ರಾಮಾಯಣ ತನಗೇನೂ ಗೊತ್ತಿಲ್ಲದೆಯೇ ಅಂದಳು: "ಅಮ್ಮ ಎಣಿಸಿದ್ದು ಸರಿಯಾಗೇ ಇದೆ. ಸೋಮವಾರ ಮೂರು, ಗುರುವಾರ ಸೊನ್ನೆ. ಲೆಕ್ಕ ತಪ್ಪಿದ್ದು ಕುಕ್ಕರಿಂದು."

ಮಗ ಅಂಗಡಿಯ ಮೆಟ್ಟಿಲ ಮೇಲೇ ನಿಂತು ಫೋನ್ ಮಾಡಿ ಸೋಮವಾರದ ಡಾಕ್ಟರನ್ನು ಬೇಡವೆಂದ. ಡೇ ಕೇರಿನವರಿಗೂ ಫೋನ್ ಮಾಡಿದ.

"ಡಾಕ್ಟರನ್ನ ಯಾಕೆ ಬಿಟ್ಟೆ? ಸುತ್ತಿಗೆ ಕೇಳಿದವನು ನೀನಲ್ವಾ, ನಿನ್ನ ಹೆಸರಿಗೆ ಬರೆಸ್ಬಹುದಿತ್ತು" ಎಂದೆ. ನಗಲು ನೋಡಿದ, ಆಗಲಿಲ್ಲ. ಕುಕ್ಕರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನನ್ನ ಪಕ್ಕ ನಡೆದ.

ಅರ್ಧ ದಾರಿಯಲ್ಲಿ ನನ್ನ ಬಾಯಿಂದ ತಾನಾಗಿಯೇ ಬಂತು: "ನಾನೂ ನಂಬಿಬಿಟ್ಟಿದ್ದೆ ಕಣೋ."

"ಏನನ್ನಮ್ಮ?"

"ನೀವು ಹೇಳಿದ್ದನ್ನ. ರಾತ್ರಿ ಮಲಗೋವಾಗ ನಿನ್ನ ಹೆಸರು, ಅವಳ ಹೆಸರು, ಪಾಪು ಹೆಸರು ಹೇಳ್ಕೊಂಡು ಮಲಗ್ತಿದ್ದೆ. ಬೆಳಿಗ್ಗೆ ಎದ್ದಾಗ ನೆನಪಿರತ್ತಾ ಅಂತ."

ಅವನು ನಡುಬೀದಿಯಲ್ಲಿ ನಿಂತುಬಿಟ್ಟ. ಸೈಕಲ್ಲಿನವನೊಬ್ಬ ಬೈದುಕೊಂಡು ಪಕ್ಕಕ್ಕೆ ಹೋದ. ಮಗನ ಕಣ್ಣಿಂದ ನೀರು ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಕುಕ್ಕರ್ ಇದ್ದುದರಿಂದ ಒರೆಸಿಕೊಳ್ಳಲು ಅವನಿಗೆ ಆಗಲಿಲ್ಲ. ನನ್ನ ಸೆರಗು ಕೈಯಲ್ಲೇ ಇತ್ತು. ಸ್ವಲ್ಪ ಹೊತ್ತು ಹಾಗೇ ಇರಲಿ ಎಂದು ಬಿಟ್ಟೆ.