ಪಲ್ಲ ರೂಢಿಯಂತೆ

ಠಾಕಪ್ಪನಿಗೆ ಕಂಠ ಇರಲಿಲ್ಲ. ಇಪ್ಪತ್ತು ವರ್ಷದಿಂದ ಬಾಳಕೃಷ್ಣ ಇದನ್ನು ಎಲ್ಲರಿಗೂ ಹೇಳುತ್ತ ಬಂದಿದ್ದ. ಇವತ್ತು ಚಟ್ಟದ ಬಿದಿರಿಗೆ ಹುರಿ ಸುತ್ತುತ್ತ ಇನ್ನೊಮ್ಮೆ ಹೇಳಿದ.

"ಕಂಠ ಇಲ್ಲದವಗ ಇಷ್ಟ ಮಂದಿ ಕೂಡ್ಯಾರ ನೋಡು."

ಹುರಿಯ ಇನ್ನೊಂದು ತುದಿ ಹಿಡಿದಿದ್ದವನು ಶಫೀಸಾಬ, ಮೇಳದಲ್ಲಿ ಹಲಗೆ ಬಾರಿಸುವವನು. ಅವನು ತಲೆ ಎತ್ತಲಿಲ್ಲ.

"ಗಂಟು ಬಿಗಿ ಹಾಕ್ರಿ ಸಾಹೇಬ್ರ. ಅವಾ ಇದ್ದಿದ್ರ ಈ ಗಂಟು ನೋಡಿ ನಗತಿದ್ದ."

ಠಾಕಪ್ಪ ಮುರ್ಮುಗಾಂವ್ ಬಂದರಿನಲ್ಲಿ ಹಡಗು ಕಟ್ಟುವ ಹಗ್ಗ ಎಳೆಯುತ್ತಿದ್ದ. ಬಾಳಕೃಷ್ಣ ಧಾರವಾಡದವನು, ಅದೇ ಬಂದರಿನ ಒಂದು ಏಜೆನ್ಸಿಯಲ್ಲಿ ಗುಮಾಸ್ತ. ಬಂದರಿನ ಪಕ್ಕದ ಬಾಯ್ನಾ ದಂಡೆಯ ಕನ್ನಡದವರ ಹಾಡಿನ ಮೇಳಕ್ಕೆ ಹದಿನೇಳು ಪದ ಕಟ್ಟಿದವನು ಅವನೇ. ಪ್ರತಿ ನುಡಿಯಾದ ಮೇಲೆ ಎಲ್ಲರೂ ಕೂಡಿ ಹೇಳುವ ಪಲ್ಲ ಮಾತ್ರ ಠಾಕಪ್ಪನದು. ಆ ಪಲ್ಲಗಳಲ್ಲಿ ಒಂದು ಮಾತೂ ಇರುತ್ತಿರಲಿಲ್ಲ, ಅರ್ಥವಿಲ್ಲದ ಬರೀ ಸೊಲ್ಲು.

ಓಣಿ ತುಂಬಿತ್ತು. ತನ್ನ ಹೆಣಕ್ಕೆ ಎಷ್ಟು ಜನ ಬಂದಾರು ಎಂದು ಬಾಳಕೃಷ್ಣ ಯೋಚಿಸಿದ. ಇದರ ಅರ್ಧವೂ ಆಗಲಿಲ್ಲ. ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡ. ಅದರಲ್ಲಿ ಇವತ್ತಿಗೆಂದು ಕಟ್ಟಿದ ಪದ ಇತ್ತು. ಈ ಸಲ ಪಲ್ಲವನ್ನೂ ತಾನೇ ಬರೆದಿದ್ದ, ಅದೂ ಸೊಲ್ಲಿನದೇ. ಠಾಕಪ್ಪ ಆಸ್ಪತ್ರೆ ಸೇರಿದ ದಿನವೇ ಬರೆಯಲು ಕೂತಿದ್ದ.

* * *

ಎರಡು ಸಾವಿರದ ನಾಲ್ಕರಲ್ಲಿ ಸರಕಾರದವರು ಬಾಯ್ನಾ ದಂಡೆಯ ಮನೆಗಳನ್ನು ಕೆಡವಿದರು, ಠಾಕಪ್ಪನದೂ ಶಫೀಸಾಬನದೂ ಹೋದವು. ಮುಂದಿನ ವಾರ ಬಾಳಕೃಷ್ಣ ಪದ ತಂದ.

ತಗಡ ಬಿತ್ತೋ, ಬಾಗಿಲ ಬಿತ್ತೋ,
ಒಲಿಮ್ಯಾಲಿನ ಗಡಿಗಿ ಬಿತ್ತೋ.

ಕೇಳುತ್ತಿದ್ದವರು ಮಾತು ನಿಲ್ಲಿಸಿದರು. ಆಮೇಲೆ ಅವನ ಪಲ್ಲ ಬಂತು: "ಬಡವರ ಕಣ್ಣೀರಿಗೆ ಬೆಲೆಯಿಲ್ಲವೋ ದೇವಾ." ಯಾರೂ ದನಿ ಕೂಡಿಸಲಿಲ್ಲ. ಠಾಕಪ್ಪನ ಹೆಂಡತಿ ಲಾಲಿಬಾಯಿ ಎದ್ದು ಹೋಗಿ ಕೊಡಕ್ಕೆ ನೀರು ಹಿಡಿದಳು.

"ಸಾಹೇಬ್ರ," ಎಂದ ಠಾಕಪ್ಪ, "ಗಡಿಗಿ ಬಿತ್ತು ಅಂದ್ರಿ, ಅಳು ಬಂತು. ಆಮ್ಯಾಲ ಅದಕ್ಕ ಕಣ್ಣೀರು ಅಂತ ಹೆಸರಿಟ್ರಿ, ಅಳು ನಿಂತಿತು. ನನ್ನ ಮನಿ ಬ್ಯಾರೆ, ಶಫೀಸಾಬನ ಮನಿ ಬ್ಯಾರೆ. ಒಂದ ಪಲ್ಲದಾಗ ಇಬ್ರೂ ಹಿಡೀಬೇಕಂದ್ರ ಅದು ಖಾಲಿ ಇರಬೇಕ್ರಿ."

"ಖಾಲಿ ಅಂದ್ರ ಏನ್ ಹಾಡೂದು?"

ಠಾಕಪ್ಪ ತನ್ನ ಒಡಕು ದನಿಯಲ್ಲಿ ಹೇಳಿದ:

ತಗುಡ ತಗುಡ ದೂ ಮಾ
ತಗುಡ ದೂ ಮಾ
ದೂಮ್...

ಕೇಳಿದ್ದಕ್ಕೆಲ್ಲ ಅವನ ಹತ್ತಿರ ಉತ್ತರ ಇತ್ತು. ತಗುಡ ಬಂದದ್ದು ನುಡಿಯ ತಗಡಿನಿಂದ. ಕಿವಿಗೆ ಆಗಲೇ ಗೊತ್ತಾದ ಸಪ್ಪಳ, ಹೊಸದಾಗಿ ಕಲಿಯಬೇಕಿಲ್ಲ. ನುಡಿಯ ಸಂಕಟ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಗಡಸು ಅಕ್ಷರ ಮುಂದೆ ಬೇಕು, ತಗಡು ಉರುಳಿದ ಹಾಗೆ. ದೂ ಉದ್ದ ಇರಬೇಕು, ಎದೆಯ ಉಸಿರು ಪೂರಾ ಹೋಗುವಷ್ಟು. ಕೊನೆಗೆ ಮ, ಯಾಕೆಂದರೆ ಅಳುತ್ತ ತುಟಿ ಬಿಗಿದವರೂ ಮ ಅನ್ನಬಲ್ಲರು. ಸೊಲ್ಲು ಮೂರಕ್ಕಿಂತ ಹೆಚ್ಚಿರಬಾರದು, ತಿರುತಿರುಗಿ ಅವೇ ಬರಬೇಕು. ಮೊದಲ ಸಾಲಿಗೆ ಹಲಗೆಯ ನಾಲ್ಕು ಪೆಟ್ಟು, ಎರಡನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಆದರೆ ಪ್ರತಿ ಸಾಲಿಗೂ ನಾಲ್ಕು ಪೆಟ್ಟಿನ ಹೊತ್ತು ಕಾಯಬೇಕು. ಉಳಿದ ಜಾಗದಲ್ಲಿ ಸುಮ್ಮನಿರಬೇಕು.

"ಆ ಜಾಗಾನೂ ತುಂಬಿದ್ರ ಆತು," ಎಂದ ಬಾಳಕೃಷ್ಣ.

"ಬ್ಯಾಡ್ರಿ. ಹಗ್ಗದ ಮ್ಯಾಲಿದ್ದಾಗ ಕೂಗೂ ಹೊತ್ತಿನ್ಯಾಗ ನಾವು ಎಳಿಯಂಗಿಲ್ಲ. ಕೂಗು ನಿಂತ ಕೂಡ್ಲೆ ಎಳೀತೀವಿ. ಜೋರೆಲ್ಲಾ ಆ ಖಾಲಿಯೊಳಗ ಐತ್ರಿ."

ಮೂರನೆಯ ನುಡಿಯ ಹೊತ್ತಿಗೆ ಲಾಲಿಬಾಯಿ ಕೊಡ ಕೆಳಗಿಟ್ಟು ಹಾಡುತ್ತಿದ್ದಳು. ಶಫೀಸಾಬ ಮುಖ ಆಚೆ ತಿರುಗಿಸಿ ಬಾರಿಸುತ್ತಿದ್ದ.

ಕೆಲವು ದಿನಗಳಾದ ಮೇಲೆ ವಾಸ್ಕೋ ಬಸ್ಸಿನಲ್ಲಿ ಒಬ್ಬ ಹೆಂಗಸು ಅದನ್ನೇ ಗುನುಗುತ್ತಿದ್ದಳು. ಆ ಪದದ ನುಡಿ ಯಾರದೆಂದು ಗೊತ್ತೇ ಎಂದು ಬಾಳಕೃಷ್ಣ ಕೇಳಿದ. ಅದಕ್ಕೆ ನುಡಿಯೂ ಇದೆಯೇ ಎಂದು ಅವಳು ಕೇಳಿದಳು.

ಮನೆಗೆ ಬಂದು ಮೇಳದ ಪುಸ್ತಕದಲ್ಲಿ ತನ್ನ ನುಡಿಗಳನ್ನು ದುಂಡಗೆ ಬರೆದ. ಅವುಗಳ ಕೆಳಗೆ, ಠಾಕಪ್ಪನ ಸೊಲ್ಲಿನ ಜಾಗದಲ್ಲಿ, ಇಷ್ಟೇ ಬರೆದ: ಪಲ್ಲ ರೂಢಿಯಂತೆ.

ಠಾಕಪ್ಪನ ಮಗಳು ಸುರೇಖಾಳ ಮದುವೆಗೆ ಬೇರೆ ಪದ ಬೇಕಾಯಿತು. ಠಾಕಪ್ಪ ದೂ ತೆಗೆದು ತೀ ಹಾಕಿದ, ಉದ್ದ ಸೊಲ್ಲುಗಳನ್ನು ಗಿಡ್ಡ ಮಾಡಿದ, ಖಾಲಿ ಪೆಟ್ಟುಗಳನ್ನೆಲ್ಲ ತುಂಬಿದ. ತಿಗಿಡಿ ತಿಗಿಡಿ ತೀನಾ ಎನ್ನುತ್ತ ಮುದುಕಿಯರೂ ಕುಣಿದರು. ನುಡಿ ಹಾಡುವಾಗ ಅವರು ನಿಂತು ಸೆರಗು ಸರಿಮಾಡಿಕೊಂಡರು. ಅವತ್ತೂ ಬಾಳಕೃಷ್ಣ ಬರೆದ: ಪಲ್ಲ ರೂಢಿಯಂತೆ. ಹೀಗೆ ಹದಿನೇಳು ಸಲ.

* * *

ಚಟ್ಟ ಎದ್ದಿತು. ಬಾಳಕೃಷ್ಣ ಕಾಗದ ಬಿಚ್ಚಿದ. ಅವನ ದನಿ ನಿಜಕ್ಕೂ ಚೆನ್ನಾಗಿತ್ತು.

ಕೈಯಾಗಿನ ಹಗ್ಗ ಬಿಟ್ಟಿ,
ಕಟ್ಟಿದ ಹಡಗ ಬಿಟ್ಟಿ.

ಠಾಕಪ್ಪನ ಜೊತೆ ಹಗ್ಗ ಎಳೆಯುತ್ತಿದ್ದ ಗ್ಯಾಂಗಿನವರು ಕಣ್ಣೊರೆಸಿಕೊಂಡರು. ಅದನ್ನು ಬಾಳಕೃಷ್ಣ ನೋಡಿದ. ನಂತರ ಪಲ್ಲ ಎತ್ತಿದ:

ಝಣಕುತ ಛಣಕುತ ಘಿಲ್ಲನ ಝೇಂ
ಭಿಲ್ಲನ ಢಣಢಣ ಧಿಮಿಕಿಟ ಧೇಂ

ಜನ ಕೂಡಿಕೊಳ್ಳಲು ಬಾಯಿ ತೆರೆದರು. ಒಂದು ಸೊಲ್ಲು ಹಿಡಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಹಗ್ಗದ್ದಾಗಲಿ ಹಡಗಿನದ್ದಾಗಲಿ ಒಂದು ಸಪ್ಪಳವೂ ಅದರಲ್ಲಿ ಇರಲಿಲ್ಲ. ಉಸಿರು ಎಳೆದುಕೊಳ್ಳಲು ಜಾಗ ಇರಲಿಲ್ಲ. ಹೊತ್ತವರ ಹೆಜ್ಜೆ ತಪ್ಪಿತು, ಚಟ್ಟ ಒಂದು ಕಡೆ ವಾಲಿತು. ಶಫೀಸಾಬ ಹಲಗೆ ನಿಲ್ಲಿಸಿದ.

"ಯಾಕ ನಿಲ್ಲಿಸಿದಿ?"

"ಬಾಯಾಗ ನಾಲಿಗಿ ಹೊಳ್ಳವಲ್ದ್ರಿ. ಗೆಜ್ಜಿ ಕಟ್ಟಿದಂಗ ಆಗಾಕತ್ತೈತಿ. ನಾವು ಹೆಣಾ ಹೊತ್ತೀವಿ."

ಯಾರೋ ನಕ್ಕು ಕೆಮ್ಮಿದರು. ಓಣಿಯ ತುದಿಯವರೆಗೆ ಬಂದಿದ್ದ ಲಾಲಿಬಾಯಿ ಯಾರನ್ನೂ ಕೇಳಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡೇ ಶುರು ಮಾಡಿದಳು. ಸೆರಗಿನೊಳಗಿಂದ ತಗುಡ ಸರಿಯಾಗಿ ಕೇಳಲಿಲ್ಲ. ದೂಮ್ ಕೇಳಿತು. ಎರಡನೆಯ ಸಾಲಿಗೆ ಓಣಿಯೆಲ್ಲ ಕೂಡಿತು. ಮನೆ ಬಿದ್ದಾಗಿನ ಪಲ್ಲ ಅದು. ಆಗ ಹುಟ್ಟಿರದವರೂ ಹಾಡಿದರು. ಹಲಗೆ ಮತ್ತೆ ಹತ್ತಿತು, ಚಟ್ಟ ನೆಟ್ಟಗಾಯಿತು. ಖಾಲಿ ಪೆಟ್ಟುಗಳಲ್ಲಿ ಹೊತ್ತವರ ಕಾಲ ಸಪ್ಪಳ ಮಾತ್ರ ಕೇಳುತ್ತಿತ್ತು.

ಬಾಳಕೃಷ್ಣ ಹಿಂದೆ ಉಳಿದ. ಸತ್ತ ಮೇಲೂ ಇವನ ಪಲ್ಲವೇ, ಎಂದುಕೊಂಡ.

* * *

ಬಾಳಕೃಷ್ಣ ಸ್ಮಶಾನದಿಂದ ಬಂದು ಕಾಲು ತೊಳೆದುಕೊಳ್ಳುವಾಗ ಸುರೇಖಾ ಪೆನ್ಸಿಲ್ ಹಿಡಿದು ಬಂದಳು.

"ಕಾಕಾ, ಅಪ್ಪನ ಪಲ್ಲ ಎಲ್ಲಾ ನಿಮ್ಮ ಪುಸ್ತಕದಾಗ ಅದಾವಲ್ರಿ? ಕೊಡ್ರಿ, ಬರಕೊಂಡು ಕೊಡತೀನಿ."

ಕೊಡಲಾರೆ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ, ಚೀಲದಿಂದ ಪುಸ್ತಕ ತೆಗೆದುಕೊಟ್ಟ. ಅವಳು ಮೊದಲ ಪುಟ ನೋಡಿದಳು, ಎರಡನೆಯದು ನೋಡಿದಳು. ಆಮೇಲೆ ಬೇಗ ಬೇಗ ತಿರುವಿದಳು.

"ರೂಢಿಯಂತೆ ಅಂದ್ರ ಯಾವುದ್ರಿ?"

ಬಾಳಕೃಷ್ಣ ಕಾಲಿಗೆ ಇನ್ನೊಂದು ತಂಬಿಗೆ ನೀರು ಸುರಿದುಕೊಂಡ. ಅವಳು ಶಫೀಸಾಬನನ್ನೂ ತಾಯಿಯನ್ನೂ ಕೂಡಿಸಿಕೊಂಡು ಜಗಲಿಯ ಮೇಲೆ ಕೂತಳು. ತೊಡೆಯ ಮೇಲೆ ಬಾರಿಸುತ್ತಿದ್ದ ಶಫೀಸಾಬನ ಬೆರಳಿಗೆ ಹದಿನೇಳರ ಪೆಟ್ಟುಗಳೂ ನೆನಪಿದ್ದವು, ಸೊಲ್ಲು ಇರಲಿಲ್ಲ. ಲಾಲಿಬಾಯಿಗೆ ಒಂದರ ತಲೆ, ಇನ್ನೊಂದರ ಬಾಲ ಬರುತ್ತಿದ್ದವು. ಬಾಳಕೃಷ್ಣನಿಗೆ ತನ್ನ ನುಡಿಗಳೆಲ್ಲ ಬಾಯಿಪಾಠ ಇದ್ದವು. ಪಲ್ಲ ಬಂದಾಗಲೆಲ್ಲ ಅವನು ಕೇಳಿಸಿಕೊಳ್ಳದೆ ಕೂತಿದ್ದ.

ಪಲ್ಲ ಸಿಗದ ಪದ ಮೇಳ ಇನ್ನು ಎತ್ತುವುದಿಲ್ಲ ಎಂದು ಶಫೀಸಾಬ ಹೇಳಿದ. ನುಡಿ ಅಷ್ಟೇ ಹಾಡಬಹುದಲ್ಲ ಎಂದು ಬಾಳಕೃಷ್ಣ ಕೇಳಿದ.

"ಯಾರ್ ಹಾಡತಾರ್ರಿ?"

ಸುರೇಖಾ ಸಿಕ್ಕ ಪಲ್ಲಗಳನ್ನು ರೂಢಿಯಂತೆ ಎಂಬುದರ ಕೆಳಗೆ ಪೆನ್ಸಿಲಿನಿಂದ ಬರೆದು, ಪುಸ್ತಕ ಮುಚ್ಚಿ ಅವನ ಕೈಗೆ ಕೊಟ್ಟಳು. ಹದಿನೇಳು ಪದದಲ್ಲಿ ಐದು ಉಳಿದವು. ಹನ್ನೆರಡು ಹೋದವು.