ಹಿಂಬದಿ ಮನೆಯವರ ಬಗ್ಗೆ ಒಂದು ಕಾಗದ

ಬೀಸುಗಲ್ಲಿನ ಗೂಟದ ಮೇಲೆ ಎರಡು ಕೈಗಳಿದ್ದವು. ಮುತ್ತುಮಾರಿಯ ಕೈಯಲ್ಲಿ ಬಳೆ, ರಂಗಮ್ಮಾಳ ಕೈ ಬರಿದು. ಮೊರದಲ್ಲಿ ಇನ್ನೂ ಅರ್ಧ ಸಜ್ಜೆ ಉಳಿದಿರುವಾಗಲೇ ಪಿಚ್ಚೈ ದಿಂಡುಕಲ್ಲಿನಿಂದ ಬಂದು, ಮಡಿಸಿದ ಕಾಗದವನ್ನು ಹೆಂಡತಿ ಮುತ್ತುಮಾರಿಯ ಪಕ್ಕದಲ್ಲಿಟ್ಟ. ಇಲ್ಲಿಂದ ಕಳಿಸಿದ್ದ ಕಾಗದವೇ ವಾಪಸು ಬಂದಿತ್ತು.

ಉತ್ತಮಪಾಳಯದ ಆ ಮನೆ ರಂಗಮ್ಮಾಳಿಗೆ ಮದುವೆಯಲ್ಲಿ ತಂದೆ ಕೊಟ್ಟದ್ದು. ಗಂಡ ಸತ್ತ ಮೇಲೆ ಮುಂದಿನ ಕೋಣೆಯಲ್ಲಿ ತಾನಿದ್ದು, ಹಿಂಬದಿಯನ್ನು ಬಾಡಿಗೆಗೆ ಬಿಟ್ಟಿದ್ದಳು. ಪಿಚ್ಚೈ, ಮುತ್ತುಮಾರಿ ಅಲ್ಲಿ ಒಂಬತ್ತು ವರ್ಷದಿಂದ ಇದ್ದರು. ಈಗ ಪಿಚ್ಚೈಗೆ ದಿಂಡುಕಲ್ಲಿನ ಹೊಗೆಸೊಪ್ಪಿನ ಮಂಡಿಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲೊಬ್ಬ ಚೆಟ್ಟಿಯಾರರ ಮನೆಯೂ ಖಾಲಿಯಿತ್ತು. ಆದರೆ ಪರವೂರಿನವರಿಗೆ ಅವರು ಸುಮ್ಮನೆ ಮನೆ ಕೊಡುವವರಲ್ಲ. ಎಷ್ಟು ವರ್ಷ ಇದ್ದರು, ಬಾಡಿಗೆ ಸರಿಯಾಗಿ ಕೊಟ್ಟರೋ, ಮನೆ ಹೇಗೆ ಇಟ್ಟುಕೊಂಡಿದ್ದರು, ಯಾಕೆ ಬಿಡುತ್ತಿದ್ದಾರೆ ಎಂದು ಈಗಿನ ಮನೆಯವರೇ ಬರೆದು ಕೊಡಬೇಕೆಂದಿದ್ದರು.

ಹೊಸ ಮನೆಗೆ ಮೊದಲು ಹೋಗುವ ಕಾಗದದಲ್ಲಿ ವಿಧವೆಯ ಹೆಸರಿರುವುದು ಅಪಶಕುನವೆಂದು ರಂಗಮ್ಮಾಳ ಮೈದುನ ರಂಗಸಾಮಿ, ಮನೆ ತನ್ನದೆಂಬಂತೆ ತನ್ನ ಹೆಸರಿನಲ್ಲೇ ಬರೆಸಿ ಕಳಿಸಿದ್ದ. ಚೆಟ್ಟಿಯಾರರು ಮನೆ ಯಾರದೆಂದು ಕೇಳಿದಾಗ ಪಿಚ್ಚೈ ಇದ್ದದ್ದನ್ನೇ ಹೇಳಿದ್ದ, ರಂಗಮ್ಮಾಳದು ಎಂದು. ಕಾಗದದಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಸುಳ್ಳು ಹೇಳುವವರಿಗೆ ಮನೆಯಿಲ್ಲ, ಅಮಾವಾಸ್ಯೆಯೊಳಗೆ ನಿಜವಾದ ಒಡೆಯರ ಕಾಗದ ಬಂದರೆ ನೋಡೋಣ ಎಂದಿದ್ದರು.

ಮನೆ ಸಿಗದಿದ್ದರೆ ತಾನೊಬ್ಬನೇ ಮಂಡಿಯಲ್ಲಿ ಮಲಗುತ್ತೇನೆ, ಇವಳು ಅಣ್ಣನ ಮನೆಗೆ ಹೋಗಲಿ ಎಂದ ಪಿಚ್ಚೈ. ಮುತ್ತುಮಾರಿ ಬೀಸುವುದನ್ನು ನಿಲ್ಲಿಸಲಿಲ್ಲ. ಅಣ್ಣನ ಮನೆಯಲ್ಲಿ ಒಂದು ಸಲ ಆರು ತಿಂಗಳು ಇದ್ದು ಬಂದಿದ್ದಳು. ಅಲ್ಲಿ ತಾನು ಉಂಡ ತಟ್ಟೆಯನ್ನು ಬೇರೆಯಾಗಿ ಇಡುತ್ತಿದ್ದರೆಂದು ರಂಗಮ್ಮಾಳಿಗೆ ಮಾತ್ರ ಹೇಳಿದ್ದಳು.

ಕಾಗದ ವಾಪಸು ಬಂದದ್ದು ಕಂಡಾಗ ರಂಗಮ್ಮಾಳ ಮನಸ್ಸಿಗೆ ಒಂದು ಗಳಿಗೆ ಹಾಯೆನಿಸಿತ್ತು. ಬೆಳಿಗ್ಗೆ ಬಾಗಿಲು ತೆರೆದಾಗ ತಾನು ಎದುರಾದರೂ ಮುಖ ತಿರುಗಿಸದವಳು ಈ ಬೀದಿಯಲ್ಲಿ ಮುತ್ತುಮಾರಿಯೊಬ್ಬಳೇ. ಇವಳೂ ಹೋದರೆ? ಆ ಯೋಚನೆಗೆ ಅವಳಿಗೇ ನಾಚಿಕೆಯಾಯಿತು. ಹೊಸ ಕಾಗದ ಬರೆಯಲು ವಾತ್ಯಾರರನ್ನು ಕರೆದುಕೊಂಡು ಬಾ ಎಂದು ಪಿಚ್ಚೈಯನ್ನು ಕಳಿಸಿದಳು.

ಜಗಲಿ ಪಾಠಶಾಲೆಯ ಮಾರಿಮುತ್ತು ವಾತ್ಯಾರರ ಹಿಂದೆಯೇ ರಂಗಸಾಮಿಯೂ ಬಂದ. ರಂಗಮ್ಮಾಳ್ ಬಾಗಿಲ ಒಳಗೆ ನಿಂತು ಹೇಳಿದಳು, ವಾತ್ಯಾರರು ತಮಿಳಿನಲ್ಲಿ ಬರೆದರು. ಒಂಬತ್ತು ವರ್ಷದಲ್ಲಿ ಒಂದು ತಿಂಗಳ ಬಾಡಿಗೆಯೂ ನಿಂತಿಲ್ಲ. ವಾರಕ್ಕೊಮ್ಮೆ ನೆಲ ಸಾರಿಸಿದ್ದಾರೆ. ಜಗಳವಿಲ್ಲ. ಒಂದು ಮಳೆಗೆ ಹಿಂದಿನ ಗೋಡೆ ಬಿದ್ದಾಗ ತಾವೇ ಮಣ್ಣು ಕಲಸಿ ಎಬ್ಬಿಸಿದರು. ಕೆಲಸಕ್ಕಾಗಿ ಹೋಗುತ್ತಿದ್ದಾರೆ, ನಾನು ಬಿಡಿಸಿದ್ದಲ್ಲ.

"ಅಣ್ಣೀ, ನಿಮ್ ಹೆಸ್ರು ಮುಂದಾಗಿ ಹೋದ್ರೆ ಅವ್ರಿಗೆ ಒಳ್ಳೇದಾ?" ಎಂದ ರಂಗಸಾಮಿ ಅತ್ತಿಗೆಗೆ.

ಮುತ್ತುಮಾರಿ ಹಿತ್ತಲಿಂದಲೇ ಉತ್ತರ ಕೊಟ್ಟಳು. "ದಿನಾ ಎದ್ದು ಅಕ್ಕನ್ ಮೊಕಾನೇ ನೋಡ್ತಿವ್ನಿ ಮಾಮಾ. ನಂಗೇನ್ ಕೆಟ್ಟೋಯ್ತು?"

ಅವನು ಅವಳ ಕಡೆ ನೋಡಲಿಲ್ಲ. "ಹಂಗಲ್ಲ. ಇವತ್ತು ಅಣ್ಣಿ ಗೀರು ಹಾಕ್ಬುಟ್ರೆ, ನಾಳೆ ಮನೆ ಅವ್ರ್ದೇ ಅಂತ ಆಗೋಯ್ತದೆ."

"ಅವ್ರ್ದೇ ತಾನೆ?" ಎಂದರು ವಾತ್ಯಾರರು, ಲೇಖನಿ ಮಸಿಯಲ್ಲಿ ಅದ್ದುತ್ತ.

ಅಪಶಕುನದ ಮಾತು ಮನೆಯ ಮೇಲಿನ ಕಣ್ಣಿನಿಂದ ಬಂದದ್ದೆಂದು ರಂಗಮ್ಮಾಳಿಗೆ ಆಗ ತಿಳಿಯಿತು. ಅವಳು ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಗಂಡ ಸತ್ತ ಮೇಲೆ ಅಲ್ಲಿ ಕೂತದ್ದು ಅದೇ ಮೊದಲು. ಲೇಖನಿ ಹಿಡಿದು ಸಹಿಯ ಜಾಗದಲ್ಲಿ ಓರೆಯಾಗಿ ಒಂದು ಗೀರು ಎಳೆದಳು. ಇದು ಮನೆಯೊಡತಿ ರಂಗಮ್ಮಾಳ ಗೀರು ಎಂದು ವಾತ್ಯಾರರು ಪಕ್ಕದಲ್ಲಿ ಬರೆದು ತಮ್ಮ ಸಹಿ ಹಾಕಿದರು.

ಚೆಟ್ಟಿಯಾರರು ಒಪ್ಪಿದರು. ಅಮಾವಾಸ್ಯೆ ಕಳೆದ ಮೇಲೆ ಬಂಡಿ ಬಂತು. ಮುತ್ತುಮಾರಿ ಹೋಗುವ ಮುಂಚೆಯೂ ನೆಲ ಸಾರಿಸಿ, ಒಲೆಯ ಬೂದಿ ತೆಗೆದು, ಬೀಗದ ಕೈಯನ್ನು ರಂಗಮ್ಮಾಳ ಅಂಗೈಯಲ್ಲಿಟ್ಟಳು. "ಕಾಗ್ದದಲ್ ಹೇಳಿದ್ದು ಸುಳ್ಳಾಗ್ಬಾರ್ದಲ್ಲಕ್ಕಾ," ಎಂದು ನಗಲು ನೋಡಿದಳು. ಆಗಲಿಲ್ಲ.

ಬಂಡಿ ಕಣ್ಮರೆಯಾದ ಮೇಲೆ ರಂಗಮ್ಮಾಳ್ ಬೀಸುಗಲ್ಲಿನ ಮುಂದೆ ಕೂತಳು. ಒಬ್ಬಳಿಗೆ ಕಲ್ಲು ಭಾರವಾಗಿತ್ತು. ಹಿಂಬದಿಯ ನೆಲ ಇನ್ನೂ ಒದ್ದೆ, ಸಗಣಿಯ ವಾಸನೆ ಇತ್ತ ಬರುತ್ತಿತ್ತು. ತನ್ನ ಈರುಳ್ಳಿ ಮೂಟೆಗಳನ್ನು ಅಲ್ಲಿ ಹಾಕಿಸುತ್ತೇನೆ, ಬೀಗದ ಕೈ ಕೊಡಿ ಎಂದು ರಂಗಸಾಮಿ ಹೆಂಡತಿ ಓಚ್ಚಮ್ಮಾಳ ಕೈಲಿ ಹೇಳಿ ಕಳಿಸಿದ್ದ. ಸಂಜೆ ಅವಳು ಬೀಗದ ಕೈಗಾಗಿ ಬರುವಳು.

ರಂಗಮ್ಮಾಳ್ ಬೀಗದ ಕೈಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಿಂಬದಿಗೆ ಇನ್ನು ಯಾರು ಬಂದರೂ ತನ್ನನ್ನೇ ಕೇಳಿ ಬರಬೇಕು. ಎರಡು ಕೈಯಿಂದಲೂ ಗೂಟ ಹಿಡಿದು ಕಲ್ಲು ತಿರುಗಿಸತೊಡಗಿದಳು.