ಪಾಂಡಾಸ್ ಉಂಟು, ಪಾಂಡಾಸ್ ಇಲ್ಲ

ಪುತ್ತೂರಿನ ಆ ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನೊಳಗೆ, ಬಾಗಿಲ ನೆತ್ತಿಯಲ್ಲಿ, ಪ್ರಸನ್ನ ತನ್ನ ಕೈಯಾರೆ ಬರೆದು ಅಂಟಿಸಿದ್ದ ಒಂದು ಹಾಳೆಯಿತ್ತು: 'ಎರರ್ ಮೆಸೇಜನ್ನು ಕೊನೆಯವರೆಗೆ ಓದಿ.' ಕೆಳಗೆ ಸಹಿ ಬೇರೆ. ಯಾವ ಹುಡುಗ ಏನು ಕೇಳಲು ಬಂದರೂ ಅವನು ಬಾಯಿ ಬಿಡುತ್ತಿರಲಿಲ್ಲ. ಬೆರಳೆತ್ತಿ ಆ ಹಾಳೆ ತೋರಿಸುತ್ತಿದ್ದ. ಹೀಗೆ ಮಾತನಾಡದೆ ಪಾಠ ಹೇಳುವ ಅಧ್ಯಾಪಕ ಇಡೀ ತಾಲೂಕಿನಲ್ಲಿ ತಾನೊಬ್ಬನೇ ಎಂಬ ಜಂಬವೂ ಅವನಿಗಿತ್ತು.

ಆ ಲ್ಯಾಬಿಗೆ ಅವನದ್ದೇ ಇನ್ನೊಂದು ಕಾನೂನು. ವಿದ್ಯಾರ್ಥಿಗಳು ಆದೇಶ ಟೈಪಿಸುವ ಕಮಾಂಡ್ ಪ್ರಾಂಪ್ಟಿನ ಕಪ್ಪು ಪರದೆಯನ್ನು ಮುಟ್ಟಬಾರದು. ಹಿಂದೆ ಒಬ್ಬ ಮಹಾನುಭಾವ ಅದರಲ್ಲೇ ಕುಳಿತು ಪಕ್ಕದ ಸಾಲಿನ ಕಂಪ್ಯೂಟರುಗಳನ್ನೆಲ್ಲ ಬಂದ್ ಮಾಡಿದ್ದ. ಅಂದಿನಿಂದ ಡೆಸ್ಕ್‌ಟಾಪಿನ ಐಡಲ್ ಐಕಾನು ಒತ್ತುವುದು, ಅದರೊಳಗೆ ತಮ್ಮ ಪೈಥಾನ್ ಪ್ರೋಗ್ರಾಮಿನ ಫೈಲು ತೆರೆದು ಓಡಿಸುವುದು, ಅಷ್ಟೇ. ಪೈಥಾನಿಗೆ ಬೇಕಾದ ಹೆಚ್ಚುವರಿ ಪ್ಯಾಕೇಜು ಹಾಕುವ ಕೆಲಸ ಮಾತ್ರ ಕಪ್ಪು ಪರದೆಯಲ್ಲಿ, ಅದೂ ಪ್ರಸನ್ನನ ಬೆರಳಿನಿಂದಲೇ.

ಪ್ರಾಜೆಕ್ಟ್ ಪರೀಕ್ಷೆಯ ಹಿಂದಿನ ದಿನ ಅವನಿಗೆ ಸುಮ್ಮನಿರಲು ಆಗಲಿಲ್ಲ. ಪರೀಕ್ಷಕರಾಗಿ ಬರುವವರು ಸುಳ್ಯದ ಕೌಸಲ್ಯಾ ಮೇಡಮ್. ಕಳೆದ ಸಲ ಬಂದಾಗ ಅವರು "ನಿಮ್ಮಲ್ಲಿ ಇನ್ನೂ ಹಳೆ ಪೈಥಾನಾ?" ಎಂದು ಕೇಳಿದ್ದು ಅವನ ಎದೆಗೆ ನಾಟಿ ಹಾಗೇ ಉಳಿದಿತ್ತು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಪ್ರತಿಯೊಂದು ಕಂಪ್ಯೂಟರಿಗೂ ಹೊಸ ಪೈಥಾನ್ ಹಾಕಿದ. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ನಡುವೆ ಪರದೆಯ ಕೆಳಗೆ ಪಾತ್ ಬಗ್ಗೆ ಒಂದು ಚೌಕ ಟಿಕ್ ಮಾಡುತ್ತೀರಾ ಎಂದು ಕೇಳುತ್ತಲೇ ಇತ್ತು. ಕೊನೆಯವರೆಗೆ ಓದುವ ತಾಳ್ಮೆ ಯಾರಿಗಿದೆ? ಆಮೇಲೆ ಡೆಸ್ಕ್‌ಟಾಪಿನಿಂದ ಹಳೆ ಐಡಲ್ ಐಕಾನು ಅಳಿಸಿ ಹೊಸದನ್ನು ಕೂರಿಸಿದ. ಮನೆಗೆ ಹೋಗುವಾಗ ಲ್ಯಾಬಿನ ದೀಪ ಆರಿಸುವ ಮೊದಲು ಒಮ್ಮೆ ಹಿಂತಿರುಗಿ ಮೆಚ್ಚಿಕೊಂಡು ನೋಡಿದ್ದೂ ಉಂಟು.

ಮರುದಿನ ಪರೀಕ್ಷೆ ಚೆನ್ನಾಗಿಯೇ ಶುರುವಾಯಿತು. ಪರೀಕ್ಷೆಯ ನಿಯಮದಂತೆ ಲ್ಯಾಬಿನ ಇಂಟರ್‌ನೆಟ್ ಕಡಿದಿದ್ದರು. ದಿಶಾಂತನ ಗ್ರಂಥಾಲಯದ ಪ್ರಾಜೆಕ್ಟು ಓಡಿತು, ಪ್ರೀತಿಕಾಳ ಬಿಲ್ಲಿಂಗ್ ಓಡಿತು. ಅವರದ್ದೆಲ್ಲ ಪೈಥಾನ್ ಜೊತೆಗೇ ಬರುವ ಸರಕಿನಲ್ಲಿ ಮಾಡಿದ್ದು. ಮೇಡಮ್ ತಲೆಯಾಡಿಸುವಾಗೆಲ್ಲ ಪ್ರಸನ್ನ ತನಗೇ ಅಂಕ ಬಿತ್ತೆಂಬಂತೆ ಕಾಲರು ಸರಿಮಾಡಿಕೊಂಡ.

ಆಮೇಲೆ ಸುಪ್ರಿತಾಳ ಸರದಿ. ಪೆರಾಬೆಯ ಹುಡುಗಿ. ದಿನಾ ಎರಡು ಬಸ್ಸು ಹಿಡಿದು ಬರುವವಳು, ಆ ಬಸ್ಸುಗಳೂ ಸ್ಟ್ಯಾಂಡಿನ ಉಳಿದ ಬಸ್ಸುಗಳೂ ಯಾವ ದಿನ ಎಷ್ಟು ತಡ ಎಂದು ವರ್ಷವಿಡೀ ಬರೆದಿಟ್ಟು, ಪಾಂಡಾಸ್ ಎಂಬ ಪ್ಯಾಕೇಜಿನಲ್ಲಿ ಲೆಕ್ಕ ಹಾಕಿ ಗ್ರಾಫು ಮಾಡಿದ್ದಳು. ಓಡಿಸಿದಳು. ಗ್ರಾಫಿನ ಬದಲು ಕೆಂಪು ಅಕ್ಷರ ಬಂತು: No module named 'pandas'.

"ಎಂತ ಆಯ್ತು?" ಎಂದರು ಮೇಡಮ್.

"ಪಾಂಡಾಸ್ ಇಲ್ಲ ಅಂತ ಹೇಳ್ತಾ ಉಂಟು ಮೇಡಮ್. ನಿನ್ನೆ ಬೆಳಿಗ್ಗೆ ಇದೇ ಕಂಪ್ಯೂಟರಲ್ಲಿ ಸರಿ ಓಡಿತ್ತು."

"ನಾನೇ ಹಾಕಿದ್ದು ಪಾಂಡಾಸ್, ಅದು ಎಲ್ಲಿಗೆ ಹೋಗ್ತದೆ?" ಪ್ರಸನ್ನ ಧಾವಿಸಿದ. ಕಪ್ಪು ಪರದೆ ತೆರೆದು, ಪ್ಯಾಕೇಜು ತಂದು ಹಾಕುವ ಪಿಪ್ ಎಂಬುದಕ್ಕೆ pip install pandas ಎಂದು ಆದೇಶ ಕೊಟ್ಟ. Requirement already satisfied, ಬೇಕಾದ್ದು ಆಗಲೇ ಉಂಟು ಎಂದು ಬಂತು. ಇದೆಯಲ್ಲ! ಅವನಿಗೆ ಅಷ್ಟೇ ಸಾಕಾಯಿತು. "ಪುನಃ ಓಡಿಸು."

ಪುನಃ ಅದೇ ಕೆಂಪು. ಕಂಪ್ಯೂಟರನ್ನು ಬಂದ್ ಮಾಡಿ ಚಾಲು ಮಾಡಿದ್ದಾಯಿತು. ಅದೇ ಕೆಂಪು. ಮತ್ತೆ ಪಿಪ್ ಕೇಳಿದ, ಉಂಟು ಎಂದಿತು. ಮತ್ತೆ ಐಡಲ್ ಕೇಳಿದ, ಇಲ್ಲ ಎಂದಿತು. ಮೇಡಮ್ ವಾಚು ನೋಡಿದರು.

"ಸರ್, ಓಡದಿದ್ರೆ ನಾನು ಡೆಮೋ ಆಗ್ಲಿಲ್ಲ ಅಂತ ಬರಿಬೇಕಾಗ್ತದೆ. ಪ್ರಾಜೆಕ್ಟಲ್ಲಿ ಫೇಲು. ಬರುವ ವರ್ಷ ಪುನಃ ಬರ್ಬೇಕು ಅವಳು."

ಸುಪ್ರಿತಾಳ ಮುಖ ಬಿಳುಚಿತು. ಪ್ರಸನ್ನನಿಗೆ ಅವಳ ಚಿಂತೆಗಿಂತ ಮೊದಲು ತನ್ನದೇ ಹೆದರಿಕೆ: ಲ್ಯಾಬು ತನ್ನದು, ಪ್ಯಾಕೇಜು ತನ್ನದು. ಹೆದರಿಕೆ ಬಂದಾಗ ಅವನ ಬಾಯಿಗೆ ತಡೆಯಿರುವುದಿಲ್ಲ.

"ಇಷ್ಟು ಜನರದ್ದು ಓಡ್ಲಿಲ್ವಾ? ನಿನ್ನದು ಮಾತ್ರ ಎಂತಕ್ಕೆ ಓಡುದಿಲ್ಲ? ನಿನ್ನೆ ಓಡಿತ್ತು ಅಂತ ಸುಳ್ಳು ಹೇಳ್ಬೇಡ ಮಾರಾಯ್ತಿ. ಎಂತದೋ ತಿದ್ದಿ ಹಾಳು ಮಾಡಿದ್ದಿ ನೀನು."

"ಇಲ್ಲ ಸರ್. ಒಂದು ಅಕ್ಷರ ಮುಟ್ಲಿಲ್ಲ."

"ಮೇಡಮ್, ನಾನು ತೋರಿಸ್ತೇನೆ ನಿಮಗೆ," ಎಂದ ಪ್ರಸನ್ನ. ಸಾಕ್ಷಿ ಸಮೇತ ಹುಡುಗಿಯ ತಪ್ಪು ರುಜುವಾತು ಮಾಡಬೇಕಲ್ಲ! ಕಪ್ಪು ಪರದೆಯ ಮೇಲೆ ಬೆರಳಿಟ್ಟು, ಇಡೀ ಲ್ಯಾಬಿಗೆ ಕೇಳುವಂತೆ ಓದತೊಡಗಿದ. "ಕೇಳಿ. ರಿಕ್ವೈರ್ಮೆಂಟ್ ಆಲ್ರೆಡಿ ಸ್ಯಾಟಿಸ್ಫೈಡ್. ಪಾಂಡಾಸ್ ಇನ್, ಸಿ, ಪ್ರೋಗ್ರಾಂ ಫೈಲ್ಸ್, ಪೈಥಾನ್ ತ್ರೀ ಇಲೆವೆನ್..."

ಬೆರಳು ಅಲ್ಲೇ ನಿಂತಿತು.

ಎಷ್ಟು ವರ್ಷದಿಂದ ಆ ಸಾಲನ್ನು ನೋಡುತ್ತಿದ್ದಾನೋ! ಮೊದಲ ಮೂರು ಪದ ಕಂಡರೆ ಸಾಕು, ಕಣ್ಣು ಅಲ್ಲಿಂದ ವಾಪಸು ಬರುತ್ತಿತ್ತು. ಕೊನೆಯವರೆಗೆ ಓದಲು ಹೊರಟದ್ದು ಇವತ್ತೇ ಮೊದಲು. ಅದೂ ಒಬ್ಬ ಹುಡುಗಿಯನ್ನು ಸುಳ್ಳುಗಾತಿ ಮಾಡಲಿಕ್ಕೆ. ಪಕ್ಕದ ಐಡಲ್ ಕಿಟಕಿಯ ನೆತ್ತಿಯಲ್ಲಿ ಅಷ್ಟೇ ಸ್ಪಷ್ಟವಾಗಿ ಬರೆದಿತ್ತು, ಪೈಥಾನ್ 3.13.

ಕಂಪ್ಯೂಟರಿನಲ್ಲಿ ಪೈಥಾನ್ ಎರಡು. ಹೊಸದು ಎಲ್ಲಿದೆಯೆಂದು ತಿಳಿಸುವ ಪಾತ್ ಚೌಕಕ್ಕೆ ಟಿಕ್ ಹಾಕದ ಕಾರಣ ಕಪ್ಪು ಪರದೆಗೆ ಹಳೆಯದೊಂದೇ ಗೊತ್ತು. ಅದರ ಪಿಪ್ ಹಳೆಯದರ ಮನೆಯನ್ನೇ ನೋಡಿ ಪಾಂಡಾಸ್ ಉಂಟು ಎನ್ನುತ್ತಿತ್ತು. ಐಕಾನು ಒತ್ತಿದರೆ ಏಳುವುದು ಹೊಸದು, ಅದರ ಮನೆ ಖಾಲಿ. ಪಿಪ್ ಹೇಳಿದ್ದೂ ನಿಜ, ಐಡಲ್ ಹೇಳಿದ್ದೂ ನಿಜ, ಸುಪ್ರಿತಾ ಹೇಳಿದ್ದಂತೂ ನೂರಕ್ಕೆ ನೂರು ನಿಜ. ಸುಳ್ಳಾದದ್ದು ಪ್ರಸನ್ನ ಒಬ್ಬನೇ.

"ಎಂತ ಸರ್, ನಿಲ್ಲಿಸಿದ್ರಿ?" ಎಂದರು ಮೇಡಮ್.

ಪ್ರಸನ್ನ ಕೀಬೋರ್ಡನ್ನು ಹತ್ತಿರ ಎಳೆದುಕೊಂಡ. ಹೊಸದಕ್ಕೆ ಪಾಂಡಾಸ್ ಹಾಕೋಣವೆಂದರೆ ಇಂಟರ್‌ನೆಟ್ ಇಲ್ಲ. ತನ್ನ ಕಾನೂನನ್ನು ತಾನೇ ಮುರಿದು, ಸುಪ್ರಿತಾಳ ಫೈಲಿದ್ದ ಫೋಲ್ಡರಿಗೆ ಹೋಗಿ, ಕಪ್ಪು ಪರದೆಯಲ್ಲೇ python bus.py ಎಂದು ಟೈಪಿಸಿದ. ಹಳೆ ಪೈಥಾನ್ ಎದ್ದು ಬಂತು. ಸ್ವಲ್ಪ ಹೊತ್ತಿನಲ್ಲಿ ಪರದೆಯ ತುಂಬ ಕಡಬ, ಪುತ್ತೂರು, ಸುಳ್ಯದ ಬಸ್ಸುಗಳು ಬಣ್ಣಬಣ್ಣದ ಗೆರೆಗಳಾಗಿ ಹರಡಿದವು.

ಮೇಡಮ್ ಕನ್ನಡಕ ಸರಿಮಾಡಿ ಬಗ್ಗಿ ನೋಡಿದರು. "ಸಂಜೆಯ ಸುಳ್ಯದ ಬಸ್ಸು ಯಾವಾಗಲೂ ಇಷ್ಟು ತಡವಾ? ಹಾಗಾದ್ರೆ ನನಗೆ ಅವಸರ ಇಲ್ಲ. ವಿವರಿಸು ನೋಡುವ." ಮತ್ತೆ ಎರಡು ಕಿಟಕಿಗಳ ಎರಡು ನಂಬರನ್ನೂ ನೋಡಿ ಪ್ರಸನ್ನನತ್ತ ತಿರುಗಿದರು. "ಅಲ್ಲ, ಪರೀಕ್ಷೆಯ ಹಿಂದಿನ ದಿನ ಹೊಸ ಪೈಥಾನ್ ಹಾಕಿದ್ದು ಯಾವ ಪುಣ್ಯಾತ್ಮ?"

ಲ್ಯಾಬು ನೋಡಿಕೊಳ್ಳುವ ಸುಂದರಣ್ಣ ಅಂದು ರಜೆಯಲ್ಲಿದ್ದರು. ಆ ಹೆಸರು ಪ್ರಸನ್ನನ ನಾಲಿಗೆಯ ತುದಿಯವರೆಗೂ ಬಂತು. ಬಾಗಿಲ ಮೇಲಿನ ಹಾಳೆಯಲ್ಲಿ ಅವನ ಸಹಿ ಅವನನ್ನೇ ನೋಡುತ್ತಿತ್ತು.

"ನಾನೇ ಮೇಡಮ್. ನಿಮ್ಮ ಹತ್ರ ಶಹಬ್ಬಾಸ್ ಅನ್ನಿಸಿಕೊಳ್ಳಲಿಕ್ಕೆ. ಅವಳು ಹೇಳಿದ್ದೇ ಸರಿ. ಸುಳ್ಳು ಅಂತ ನಾನು ಹೇಳಿದ್ದು ತಪ್ಪಾಯ್ತು."

ಹುಡುಗರು ನಕ್ಕರು, ಮೇಡಮ್ ನಕ್ಕರು, ಪ್ರಸನ್ನನೂ ನಕ್ಕ. ಸುಪ್ರಿತಾಳಿಗೆ ಒಳ್ಳೆಯ ಅಂಕವೇ ಬಿತ್ತು.

ಎಲ್ಲರೂ ಹೋದ ಮೇಲೆ ಅವನು ಸ್ಟೂಲು ಹತ್ತಿ ಆ ಹಾಳೆಯನ್ನು ಕೀಳತೊಡಗಿದ. ಚೀಲ ತೆಗೆದುಕೊಳ್ಳಲು ಬಂದ ಸುಪ್ರಿತಾ ಬಾಗಿಲಲ್ಲಿ ನಿಂತಳು.

"ಅದು ಇರ್ಲಿ ಸರ್. ಅದರಲ್ಲಿ ಬರೆದದ್ದು ಸರಿಯೇ ಉಂಟಲ್ಲ."

"ಬರೆದವನು ಸರಿ ಇಲ್ಲ ಮಾರಾಯ್ತಿ," ಎಂದು ಅವನು ನಗಲು ನೋಡಿದ.

ಅವಳು ನಗಲಿಲ್ಲ. "ಸರ್, ಐಡಲ್ ತೆರೆದಾಗಲೇ ನನಗೆ ನಂಬರ್ ಬೇರೆ ಕಂಡಿತ್ತು. ನಿನ್ನೆ ಹನ್ನೊಂದು ಇತ್ತು, ಇವತ್ತು ಹದಿಮೂರು."

"ಮತ್ತೆ ಆಗಲೇ ಹೇಳ್ಲಿಕ್ಕೆ ಎಂತ ಆಗಿತ್ತು?"

"ಹೇಳುವ ಅಂತ ಇದ್ದೆ. ನೀವು ಪುನಃ ಆ ಹಾಳೆ ತೋರಿಸ್ತೀರಿ ಅಂತ ಸುಮ್ಮನಾದೆ."

ಬಸ್ಸಿಗೆ ಹೊತ್ತಾಯಿತೆಂದು ಅವಳು ಹೊರಟುಹೋದಳು. ಪ್ರಸನ್ನ ಅರ್ಧ ಕಿತ್ತ ಹಾಳೆಯನ್ನು ಹಿಡಿದುಕೊಂಡು ಸ್ಟೂಲಿನ ಮೇಲೆಯೇ ನಿಂತಿದ್ದ. ಈ ಸಲ ಅವನಿಗೆ ನಗು ಬರಲಿಲ್ಲ.